ಎದುರುಬದುರು ಇಬ್ಬರು ರಾಜರು, ನಡೆ ಯಾರದು?

ಚದುರಂಗದ ಹಲಗೆಯ ಮೇಲೆ ಉಳಿದಿರುವುದು ಮೂರೇ ಕಾಯಿ. ಬಿಳಿಯ ರಾಜ, ಬಿಳಿಯದೇ ಒಂದು ಕಾಲಾಳು, ಕರಿಯ ರಾಜ. ಪಕ್ಕದಲ್ಲಿ ನಿಂತು ನೋಡುತ್ತಿದ್ದವರು ಬಿಳಿ ಗೆದ್ದ ಹಾಗೆಯೇ ಎಂದುಕೊಂಡು ಹೊರಟುಬಿಡುತ್ತಾರೆ. ಒಂದು ಕಾಯಿ ಹೆಚ್ಚಿದೆಯಲ್ಲ, ಅದನ್ನು ಎಂಟನೇ ಸಾಲಿಗೆ ಮುಟ್ಟಿಸಿ ರಾಣಿ ಮಾಡಿಕೊಂಡರೆ ಕೆಲಸ ಮುಗಿಯಿತು. ಆಡುತ್ತ ಕುಳಿತವನಿಗೆ ಮಾತ್ರ ಅದು ಅಷ್ಟು ಸಲೀಸಾಗಿ ಕಾಣುವುದಿಲ್ಲ. ಇಂಥ ಎಷ್ಟೋ ಆಟಗಳು ಡ್ರಾ ಆಗುತ್ತವೆ. ಇನ್ನೂ ಸೋಜಿಗವೆಂದರೆ, ಮೂರೂ ಕಾಯಿಗಳು ಅವೇ ಮನೆಗಳಲ್ಲಿ ನಿಂತಿದ್ದರೂ ನಡೆಯುವ ಸರದಿ ಕರಿಯದಾದರೆ ಬಿಳಿಗೆ ಗೆಲುವು, ಸರದಿ ಬಿಳಿಯದಾದರೆ ಡ್ರಾ. ಮೊದಲು ನಡೆಯುವ ಅವಕಾಶ ಸಿಕ್ಕಿದವನಿಗೇ ಅದು ಮುಳುವಾಗುತ್ತದೆ.

ಇದಕ್ಕೆ ಕಾರಣವಾದ ಸಂಗತಿಯನ್ನು ಆಟಗಾರರು ಅಪೊಸಿಷನ್ ಎನ್ನುತ್ತಾರೆ. ಇಬ್ಬರು ರಾಜರು ಒಂದೇ ಸಾಲಿನಲ್ಲಿ, ನಡುವೆ ಒಂದೇ ಒಂದು ಮನೆ ಬಿಟ್ಟು ಎದುರುಬದುರು ನಿಂತಿದ್ದಾರೆ ಎನ್ನಿ. ರಾಜರು ಒಬ್ಬರಿಗೊಬ್ಬರು ತಾಗುವ ಮನೆಗೆ ಬರುವಂತಿಲ್ಲ. ಹಾಗಾಗಿ ನಡುವಿನ ಮನೆಗೂ ಅದರ ಎಡಬಲದ ಮನೆಗಳಿಗೂ ಇಬ್ಬರಲ್ಲಿ ಯಾರೂ ಕಾಲಿಡಲಾರರು. ಈ ಸ್ಥಿತಿಯಲ್ಲಿ ನಡೆಯಲೇಬೇಕಾದವನು ಪಕ್ಕಕ್ಕೋ ಹಿಂದಕ್ಕೋ ಸರಿದು ದಾರಿ ಬಿಡುತ್ತಾನೆ. ನಡೆಯಬೇಕಿಲ್ಲದವನ ಕೈಯಲ್ಲಿ ಅಪೊಸಿಷನ್ ಇದೆ ಎಂದು ಅರ್ಥ. ಚದುರಂಗದಲ್ಲಿ ‘ನಾನು ಈ ಸಲ ನಡೆಯುವುದಿಲ್ಲ’ ಎನ್ನುವಂತಿಲ್ಲ. ಈ ಅಂತ್ಯದಾಟದ ಜೀವವೆಲ್ಲ ಆ ಒಂದು ಕಟ್ಟುಪಾಡಿನಲ್ಲಿದೆ.

ಮುಂದಿನದನ್ನು ಓದುವಾಗ ಪಕ್ಕದಲ್ಲೊಂದು ಹಲಗೆ ಇಟ್ಟುಕೊಂಡರೆ ಒಳ್ಳೆಯದು. ಮನೆಗಳ ಹೆಸರು ಪತ್ರಿಕೆಗಳಲ್ಲಿ ಬರುವ ರೀತಿಯಲ್ಲೇ ಇದೆ. ಬಿಳಿ ಆಡುವವನ ಎಡಗಡೆಯಿಂದ ಎ, ಬಿ, ಸಿ ಎಂದು ಎಚ್‌ವರೆಗೆ ಉದ್ದಸಾಲುಗಳು. ಅವನ ಕಡೆಯಿಂದ ಆ ಕಡೆಗೆ 1ರಿಂದ 8ರವರೆಗೆ ಅಡ್ಡಸಾಲುಗಳು. ಬಿಳಿಯ ಕಾಲಾಳು 8ರ ಕಡೆಗೆ ಸಾಗುತ್ತದೆ. ಕರಿಯ ರಾಜ ಬಲು ದೂರದಲ್ಲಿದ್ದರೆ ಕಾಲಾಳು ತಾನೇ ಓಡಿ ರಾಣಿಯಾಗುತ್ತದೆ, ಅಲ್ಲಿ ಲೆಕ್ಕ ಹಾಕುವುದಷ್ಟೇ ಕೆಲಸ. ಇಲ್ಲಿ ನೋಡಬೇಕಾದದ್ದು ಕರಿಯ ರಾಜ ಕಾಲಾಳಿನ ದಾರಿಗೆ ಅಡ್ಡ ಬಂದು ನಿಂತಿರುವ ಆಟಗಳನ್ನು.

ಕೊನೆಯ ಹಂತದಿಂದಲೇ ಶುರು ಮಾಡಬಹುದು. ಬಿಳಿಯ ರಾಜನನ್ನು ಡಿ6ರಲ್ಲಿ, ಕಾಲಾಳನ್ನು ಇ6ರಲ್ಲಿ, ಕರಿಯ ರಾಜನನ್ನು ಡಿ8ರಲ್ಲಿ ಇಡಿ. ರಾಜರಿಬ್ಬರೂ ಡಿ ಸಾಲಿನಲ್ಲಿ ಎದುರುಬದುರಾಗಿದ್ದಾರೆ. ನಡೆ ಬಿಳಿಯದಾದರೆ ಮುಂದೆ ಹೋಗಲು ಇರುವುದು ಕಾಲಾಳೊಂದೇ. ಅದನ್ನು ಇ7ಕ್ಕೆ ತಳ್ಳಿದರೆ ಡಿ8ರ ರಾಜನಿಗೆ ಚೆಕ್. ಅವನು ಇ8ಕ್ಕೆ ಬಂದು ಕಾಲಾಳಿನ ಎದುರಿಗೇ ನಿಲ್ಲುತ್ತಾನೆ. ಈಗ ಕಾಲಾಳನ್ನು ಕಾಯಬೇಕಾದರೆ ಬಿಳಿಯ ರಾಜ ಇ6ಕ್ಕೆ ಬರಬೇಕು. ಬಂದ ಕೂಡಲೇ ಕರಿಯ ರಾಜನಿಗೆ ಹೋಗಲು ಒಂದು ಮನೆಯೂ ಇರುವುದಿಲ್ಲ, ಚೆಕ್ ಕೂಡ ಇಲ್ಲ. ಅದೇ ಸ್ಟೇಲ್‌ಮೇಟ್. ಆಟ ಡ್ರಾ. ಇ6ಕ್ಕೆ ಬರದೆ ಬೇರೆಲ್ಲಿಗೆ ಹೋದರೂ ಕರಿಯ ರಾಜ ಕಾಲಾಳನ್ನು ಹೊಡೆದು ತಿನ್ನುತ್ತಾನೆ, ಆಗಲೂ ಡ್ರಾ.

ಅದೇ ಸ್ಥಿತಿಯಲ್ಲಿ ನಡೆಯನ್ನು ಕರಿಗೆ ಕೊಟ್ಟು ನೋಡಿ. ಕರಿಯ ರಾಜ ಡಿ8ರಿಂದ ಇ8ಕ್ಕೆ ಸರಿಯುತ್ತಾನೆ. ಕಾಲಾಳು ಇ7ಕ್ಕೆ ಬರುತ್ತದೆ, ಈ ಬಾರಿ ಚೆಕ್ ಕೊಡದೆ. ರಾಜನಿಗೆ ಉಳಿದಿರುವುದು ಎಫ್7 ಒಂದೇ. ಅಲ್ಲಿಗೆ ಹೋದೊಡನೆ ಬಿಳಿಯ ರಾಜ ಡಿ7ಕ್ಕೆ ಬಂದು ಇ8ನ್ನು ವಶಪಡಿಸಿಕೊಳ್ಳುತ್ತಾನೆ. ಮುಂದಿನ ನಡೆಯಲ್ಲಿ ರಾಣಿ. ತರಬೇತುದಾರರು ಮಕ್ಕಳಿಗೆ ಹೇಳಿಕೊಡುವ ಸೂತ್ರ ಇದರಿಂದಲೇ ಬಂದದ್ದು: ಇಂಥ ಕಡೆ ಕಾಲಾಳು ಏಳನೇ ಸಾಲಿಗೆ ಚೆಕ್ ಕೊಡುತ್ತ ಬಂದರೆ ಡ್ರಾ, ಸದ್ದಿಲ್ಲದೆ ಬಂದರೆ ಗೆಲುವು.

ಸ್ಟೇಲ್‌ಮೇಟ್ ಅಂದರೆ ಡ್ರಾ ಎಂಬ ನಿಯಮವಿಲ್ಲದಿದ್ದರೆ ಈ ಶಾಸ್ತ್ರವೇ ಇರುತ್ತಿರಲಿಲ್ಲ. ಆ ನಿಯಮ ಎಲ್ಲ ಕಾಲಕ್ಕೂ ಹೀಗೇ ಇತ್ತೆಂದೂ ಅಲ್ಲ. ಇಂಗ್ಲೆಂಡಿನಲ್ಲಿ 17 ಮತ್ತು 18ನೇ ಶತಮಾನಗಳಲ್ಲಿ ಎದುರಾಳಿಯನ್ನು ಸ್ಟೇಲ್‌ಮೇಟ್ ಮಾಡಿದವನೇ ಸೋತಂತೆ ಎಂದು ಆಡುತ್ತಿದ್ದರು. 19ನೇ ಶತಮಾನದ ಆರಂಭದಲ್ಲಿ ಲಂಡನ್ನಿನ ಆಟಗಾರ, ಲೇಖಕ ಜೆ. ಎಚ್. ಸ್ಯಾರಟ್ ಮತ್ತು ಅವನ ಕಾಲದವರ ಪ್ರಭಾವದಿಂದ ಅಲ್ಲೂ ಡ್ರಾ ಎಂಬ ನಿಯಮ ನೆಲೆಯಾಯಿತು. ಮುಂದೆ ವಿಶ್ವ ಚಾಂಪಿಯನ್ ಎಮಾನ್ಯುಯೆಲ್ ಲಾಸ್ಕರ್, ಸ್ಟೇಲ್‌ಮೇಟ್ ಮಾಡಿದವನಿಗೆ ಡ್ರಾಗಿಂತ ಹೆಚ್ಚು, ಗೆಲುವಿಗಿಂತ ಕಡಿಮೆ ಅಂಕ ಸಿಗಬೇಕು ಎಂದು ವಾದಿಸಿದ. ಚದುರಂಗ ಲೋಕ ಅದನ್ನು ಒಪ್ಪಲಿಲ್ಲ. ಒಪ್ಪದಿದ್ದದ್ದು ಒಳ್ಳೆಯದೇ ಆಯಿತು. ಇಲ್ಲದಿದ್ದರೆ ಒಂಟಿ ರಾಜನ ಹೋರಾಟದ ಸ್ವಾರಸ್ಯ ಅರ್ಧಕ್ಕರ್ಧ ಕರಗಿಹೋಗುತ್ತಿತ್ತು.

ಈಗ ಒಂದು ಹೆಜ್ಜೆ ಹಿಂದಕ್ಕೆ. ಬಿಳಿಯ ರಾಜ ಡಿ5, ಕಾಲಾಳು ಇ5, ಕರಿಯ ರಾಜ ಇ7. ಬಿಳಿ ಕಾಲಾಳನ್ನು ಇ6ಕ್ಕೆ ತಳ್ಳುತ್ತದೆ. ಕರಿಯ ರಾಜ ಹಿಂದೆ ಸರಿಯಬೇಕು. ಡಿ8, ಇ8, ಎಫ್8 ಮೂರೂ ಖಾಲಿ ಇವೆ. ಹೊಸದಾಗಿ ಕಲಿತವರು ಬಿಳಿಯ ರಾಜ ಬರುವ ಕಡೆಗೇ ಹೋಗಿ ತಡೆಯೋಣವೆಂದು ಡಿ8ಕ್ಕೆ ಹೋಗುತ್ತಾರೆ. ತಪ್ಪುವುದು ಅಲ್ಲೇ. ಬಿಳಿಯ ರಾಜ ಡಿ6ಕ್ಕೆ ಬಂದರೆ ಈಗಷ್ಟೇ ನೋಡಿದ ಸ್ಥಿತಿ ಎದುರಾಗುತ್ತದೆ, ನಡೆ ಕರಿಯದು, ಆಟ ಹೋಯಿತು. ಎಫ್8ಕ್ಕೆ ಹೋದರೂ ಗತಿ ಅದೇ. ಬಿಳಿಯ ರಾಜ ಡಿ6ಕ್ಕೆ, ಕರಿಯ ರಾಜ ಇ8ಕ್ಕೆ, ಕಾಲಾಳು ಸದ್ದಿಲ್ಲದೆ ಇ7ಕ್ಕೆ.

ಉಳಿಸುವುದು ನೇರ ಹಿಂದಕ್ಕೆ ಇಡುವ ಹೆಜ್ಜೆ, ಅಂದರೆ ಇ8. ಅಲ್ಲಿ ನಿಂತ ರಾಜ ಎರಡೂ ಕಡೆಗೆ ಉತ್ತರ ಕೊಡಬಲ್ಲ. ಬಿಳಿಯ ರಾಜ ಡಿ6ಕ್ಕೆ ಬಂದರೆ ಇವನು ಡಿ8ಕ್ಕೆ, ಎಫ್6ಕ್ಕೆ ಬಂದರೆ ಇವನು ಎಫ್8ಕ್ಕೆ. ಎರಡು ಕಡೆಯೂ ಎದುರುಬದುರು, ಎರಡು ಕಡೆಯೂ ನಡೆ ಬಿಳಿಯದು. ಕಾಲಾಳು ಚೆಕ್ ಕೊಟ್ಟೇ ಇ7ಕ್ಕೆ ಬರಬೇಕಾಗುತ್ತದೆ. ಒಂಟಿ ರಾಜನನ್ನು ಆಡಿಸುವವನು ಬೇರೇನೂ ನೆನಪಿಡದಿದ್ದರೂ ಇಷ್ಟು ನೆನಪಿಟ್ಟರೆ ಅರ್ಧ ಅಂಕ ಕೈತಪ್ಪದು: ಕಾಲಾಳು ಮುಂದೆ ಬಂದು ಹಿಮ್ಮೆಟ್ಟಬೇಕಾಗಿ ಬಂದಾಗ ಅದರ ಸಾಲಿನಲ್ಲೇ ನೇರ ಹಿಂದಕ್ಕೆ ಸರಿಯಬೇಕು, ಪಕ್ಕಕ್ಕಲ್ಲ.

ಇಲ್ಲಿವರೆಗಿನ ಆಟದಲ್ಲಿ ಬಿಳಿ ಒಂದು ಸಾಮಾನ್ಯ ತಪ್ಪು ಮಾಡಿದೆ. ಕಾಲಾಳನ್ನು ಮುಂದೆ ಕಳಿಸಿ ರಾಜನನ್ನು ಅದರ ಪಕ್ಕದಲ್ಲೋ ಹಿಂದೆಯೋ ಇಟ್ಟುಕೊಂಡಿದೆ. ಬಲ್ಲವರು ಇದಕ್ಕೆ ತಿರುಗಾಮುರುಗಾ ಆಡುತ್ತಾರೆ. ರಾಜ ಮುಂದೆ, ಕಾಲಾಳು ಹಿಂದೆ. ಆಟವಿಡೀ ಮೂಲೆಯಲ್ಲಿ ಅಡಗಿ ಕೂತಿದ್ದ ರಾಜ ಅಂತ್ಯದಾಟದಲ್ಲಿ ಹೊರಬಂದು ದಾರಿ ಬಿಡಿಸಬೇಕು.

ಬಿಳಿಯ ರಾಜನನ್ನು ಇ5ರಲ್ಲಿ, ಕಾಲಾಳನ್ನು ಅವನ ಬೆನ್ನಿಗೇ ಇ4ರಲ್ಲಿ, ಕರಿಯ ರಾಜನನ್ನು ಇ7ರಲ್ಲಿ ಇಡಿ. ನಡೆ ಕರಿಯದಾದರೆ ಬಿಳಿ ಗೆಲ್ಲುತ್ತದೆ. ಕರಿಯ ರಾಜ ಡಿ7ಕ್ಕೆ ಸರಿಯುತ್ತಾನೆ ಎನ್ನಿ. ಇಲ್ಲಿ ಬಿಳಿಯ ರಾಜ ಅವನನ್ನು ಹಿಂಬಾಲಿಸಿ ಡಿ5ಕ್ಕೆ ಹೋಗಬಾರದು. ಅವನು ಡಿ ಕಡೆಗೆ ಹೋದದ್ದರಿಂದ ತೆರವಾದ ಕಡೆಗೆ, ಎಫ್6ಕ್ಕೆ, ನುಗ್ಗಬೇಕು. ಕರಿಯ ರಾಜ ಇ8ಕ್ಕೆ ಬರುತ್ತಾನೆ. ಬಿಳಿಯ ರಾಜ ಇ6ಕ್ಕೆ ಬಂದು ಮತ್ತೆ ಎದುರುಬದುರು ನಿಲ್ಲುತ್ತಾನೆ. ಕರಿಯ ರಾಜ ಡಿ8ಕ್ಕೆ ಸರಿದರೆ ಬಿಳಿಯ ರಾಜ ಎಫ್7ಕ್ಕೆ. ಇನ್ನು ಇ8ರವರೆಗಿನ ದಾರಿಯೆಲ್ಲ ಬಿಳಿಯ ರಾಜನ ಕಾವಲಿನಲ್ಲಿದೆ. ಕಾಲಾಳು ಇ5, ಇ6, ಇ7 ಎಂದು ನಿರಾತಂಕವಾಗಿ ನಡೆದು ರಾಣಿಯಾಗುತ್ತದೆ. ಗಮನಿಸಿ, ಇಷ್ಟು ಹೊತ್ತೂ ಕಾಲಾಳು ಕದಲಿರಲೇ ಇಲ್ಲ.

ಅದೇ ಸ್ಥಿತಿ, ನಡೆ ಬಿಳಿಯದು. ಬಿಳಿಯ ರಾಜ ಡಿ5ಕ್ಕೆ ಹೋದರೆ ಕರಿಯ ರಾಜ ಡಿ7ಕ್ಕೆ. ಎಫ್5ಕ್ಕೆ ಹೋದರೆ ಎಫ್7ಕ್ಕೆ. ಬಿಳಿ ಎತ್ತ ಸರಿದರೂ ಕರಿ ಅತ್ತಲೇ ಸರಿದು ಎದುರು ನಿಲ್ಲುತ್ತದೆ. ಬೇಸತ್ತ ಬಿಳಿ ಕಾಲಾಳನ್ನು ಇ5ಕ್ಕೆ ತಳ್ಳಿದರೆ ಕರಿಯ ರಾಜ ಇ7ಕ್ಕೆ ಬರುತ್ತಾನೆ, ಅದು ಇ6ಕ್ಕೆ ಬಂದರೆ ನೇರ ಹಿಂದಕ್ಕೆ ಇ8ಕ್ಕೆ ಹೋಗುತ್ತಾನೆ. ಆಮೇಲಿನದು ಗೊತ್ತೇ ಇದೆ.

ಆದರೆ ಕಾಲಾಳು ಇ4ರ ಬದಲು ಇ3ರಲ್ಲಿದ್ದರೆ? ರಾಜರು ಅದೇ ಇ5, ಇ7ರಲ್ಲಿ, ನಡೆ ಬಿಳಿಯದೇ. ಬಿಳಿ ರಾಜನನ್ನು ಮುಟ್ಟುವುದೇ ಇಲ್ಲ. ಕಾಲಾಳನ್ನು ಒಂದು ಮನೆ ಸರಿಸಿ ಇ4ಕ್ಕೆ ತರುತ್ತದೆ ಅಷ್ಟೇ. ಈಗ ಹಲಗೆಯ ಮೇಲೆ ಇರುವುದು ಮೇಲೆ ನೋಡಿದ ಅದೇ ಸ್ಥಿತಿ, ಸರದಿ ಮಾತ್ರ ಕರಿಯದು. ಕರಿ ಸೋಲುತ್ತದೆ. ಬಿಳಿಯ ಕೈಯಲ್ಲಿ ಒಂದು ನಡೆ ಮಿಕ್ಕಿತ್ತು, ಅದನ್ನು ಸರಿಯಾದ ಹೊತ್ತಿಗೆ ಖರ್ಚು ಮಾಡಿತು. ಕಾಲಾಳನ್ನು ಆತುರಪಟ್ಟು ಮುಂದೆ ತಳ್ಳಬಾರದು ಎಂದು ಹಳಬರು ಗದರುವುದು ಇದಕ್ಕೇ. ಹಿಂದೆ ಉಳಿದ ಕಾಲಾಳು ಅಂದರೆ ಉಳಿಸಿಕೊಂಡ ನಡೆ. ಒಮ್ಮೆ ಮುಂದೆ ಹೋದದ್ದು ವಾಪಸು ಬರುವುದಿಲ್ಲ.

ಇದನ್ನೆಲ್ಲ ಹಲಗೆಯ ಮೇಲೆ ಗುರುತಿಟ್ಟುಕೊಳ್ಳಲು ಒಂದು ದಾರಿಯಿದೆ. ಪ್ರತಿ ಕಾಲಾಳಿಗೂ ಕೆಲವು ಕೀಲಿಮನೆಗಳಿವೆ. ಬಿಳಿಯ ರಾಜ ಅವುಗಳಲ್ಲಿ ಒಂದನ್ನು ಹಿಡಿದನೆಂದರೆ ಮುಂದೆ ನಡೆ ಯಾರದ್ದಾದರೂ ಗೆಲುವು ಬಿಳಿಯದೇ. ಕಾಲಾಳು ನಾಲ್ಕನೇ ಸಾಲಿನಲ್ಲೋ ಅದಕ್ಕಿಂತ ಹಿಂದೆಯೋ ಇದ್ದರೆ, ಅದಕ್ಕಿಂತ ಎರಡು ಸಾಲು ಮುಂದೆ, ನೇರಕ್ಕೊಂದು ಮತ್ತು ಅದರ ಎಡಬಲಕ್ಕೆ ಒಂದೊಂದು ಮನೆ. ಇ4ರ ಕಾಲಾಳಿಗೆ ಡಿ6, ಇ6, ಎಫ್6. ಇ3ರ ಕಾಲಾಳಿಗೆ ಡಿ5, ಇ5, ಎಫ್5. ಮೇಲಿನ ಉದಾಹರಣೆಯಲ್ಲಿ ಬಿಳಿಯ ರಾಜ ಇ5ರಲ್ಲಿದ್ದ. ಕಾಲಾಳು ಇ3ರಲ್ಲಿದ್ದಾಗ ಅದು ಕೀಲಿಮನೆ, ಇ4ಕ್ಕೆ ಬಂದಾಗ ಅಲ್ಲ. ಅಪೊಸಿಷನ್ ಇರುವುದು ಈ ಮನೆಗಳಿಗೆ ದಾರಿ ಮಾಡಿಕೊಳ್ಳಲು, ಇಲ್ಲವೇ ದಾರಿ ಮುಚ್ಚಲು. ಅದೇ ಗುರಿಯಲ್ಲ. ಎದುರುಬದುರು ನಿಲ್ಲುವುದನ್ನಷ್ಟೇ ಬಾಯಿಪಾಠ ಮಾಡಿಕೊಂಡವರು ಕೀಲಿಮನೆ ಕೈಗೆಟುಕುವಷ್ಟು ಹತ್ತಿರವಿದ್ದಾಗಲೂ ಅದನ್ನು ಬಿಟ್ಟು ಎದುರು ನಿಲ್ಲಲು ಹೋಗುವುದುಂಟು.

ಕಾಲಾಳು ಐದನೇ ಸಾಲು ಮುಟ್ಟಿದ ಮೇಲೆ ಬಿಳಿಗೆ ಇನ್ನೊಂದು ಅನುಕೂಲ. ಬಿಳಿಯ ರಾಜ ಇ6, ಕಾಲಾಳು ಇ5, ಕರಿಯ ರಾಜ ಇ8 ಎಂದಿಟ್ಟುಕೊಳ್ಳಿ. ಎದುರುಬದುರು ಇದ್ದಾರೆ, ನಡೆ ಬಿಳಿಯದು. ಈವರೆಗಿನ ಲೆಕ್ಕದಂತೆ ಡ್ರಾ ಆಗಬೇಕು. ಆಗುವುದಿಲ್ಲ. ಬಿಳಿಯ ರಾಜ ಡಿ6ಕ್ಕೆ, ಕರಿಯ ರಾಜ ಡಿ8ಕ್ಕೆ, ಆಗ ಕಾಲಾಳು ಇ6ಕ್ಕೆ. ನಡೆ ಕರಿಯದು, ಇದು ನಾವು ಮೊಟ್ಟಮೊದಲು ನೋಡಿದ ಸ್ಥಿತಿ, ಅದೂ ಬಿಳಿ ಗೆಲ್ಲುವ ಸರದಿಯಲ್ಲಿ. ರಾಜ ಆರನೇ ಸಾಲಿನಲ್ಲಿ, ಕಾಲಾಳು ಅವನ ಬೆನ್ನಿಗೆ ಐದನೇ ಸಾಲಿನಲ್ಲಿ ಇದ್ದರೆ ಸರದಿ ಯಾರದೆಂದು ನೋಡುವ ಅಗತ್ಯವೇ ಇಲ್ಲ. ಕಾಲಾಳು ಅಂಚಿನ ಸಾಲಿನಲ್ಲಿ ಇರಬಾರದು, ಅಷ್ಟೇ.

ಇಷ್ಟು ಗೊತ್ತಾದ ಮೇಲೆ 1959ರ ಒಂದು ನಿಜವಾದ ಆಟಕ್ಕೆ ಹೋಗಬಹುದು. ಆ ವರ್ಷ ಯುಗೊಸ್ಲಾವಿಯಾದ ಬ್ಲೆಡ್, ಝಾಗ್ರೆಬ್, ಬೆಲ್‌ಗ್ರೇಡ್ ಊರುಗಳಲ್ಲಿ ಕ್ಯಾಂಡಿಡೇಟ್ಸ್ ಟೂರ್ನಿ ನಡೆಯಿತು. ಗೆದ್ದವನಿಗೆ ವಿಶ್ವ ಚಾಂಪಿಯನ್ ಬೋಟ್ವಿನಿಕ್‌ಗೆ ಸವಾಲು ಹಾಕುವ ಹಕ್ಕು. ಗೆದ್ದದ್ದು ಮಿಖಾಯಿಲ್ ತಾಲ್. ಅಲ್ಲಿ ಆಡಿದ ಎಂಟು ಮಂದಿಯಲ್ಲಿ ಅತ್ಯಂತ ಕಿರಿಯನಾಗಿದ್ದವನು 16 ವರ್ಷದ ಅಮೆರಿಕನ್ ಹುಡುಗ ಬಾಬಿ ಫಿಷರ್. ಅವನ ಒಂದು ಆಟ ಯುಗೊಸ್ಲಾವಿಯಾದ ಗ್ರ್ಯಾಂಡ್‌ಮಾಸ್ಟರ್ ಸ್ವೆಟೊಜಾರ್ ಗ್ಲಿಗೊರಿಚ್ ಜೊತೆ. ಗ್ಲಿಗೊರಿಚ್ ಬಿಳಿ, ಫಿಷರ್ ಕರಿ. ಕಾಯಿಗಳೆಲ್ಲ ಒಂದೊಂದಾಗಿ ಹೋಗಿ ಕೊನೆಗೆ ಉಳಿದದ್ದು ನಮ್ಮ ಈ ಮೂರೇ: ಬಿಳಿಯ ರಾಜ ಸಿ4, ಬಿಳಿಯ ಕಾಲಾಳು ಬಿ4, ಕರಿಯ ರಾಜ ಸಿ8. ನಡೆ ಫಿಷರ್‌ನದು.

ಕಾಲಾಳು ಬಿ4ರಲ್ಲಿದೆ, ಹಾಗಾದರೆ ಕೀಲಿಮನೆಗಳು ಎ6, ಬಿ6, ಸಿ6. ಬಿಳಿಯ ರಾಜ ಅಲ್ಲಿಗೆ ತಲುಪದಂತೆ ಫಿಷರ್ ತಡೆಯಬೇಕು. ಅವನ ರಾಜನಿಗೆ ಐದು ಮನೆಗಳು ಲಭ್ಯ: ಬಿ8, ಬಿ7, ಸಿ7, ಡಿ7, ಡಿ8. ಇವುಗಳಲ್ಲಿ ನಾಲ್ಕು ಸೋಲುತ್ತವೆ. ಯಾರ ಕೈಯಾದರೂ ಮೊದಲು ಹೋಗುವುದು ಮುಂದಿನ ಮನೆಗಳ ಕಡೆಗೆ, ಬಿ7 ಅಥವಾ ಸಿ7ರ ಕಡೆಗೆ. ಕಾಲಾಳಿನ ಹತ್ತಿರ ಹೋಗಬೇಕಲ್ಲ! ಆದರೆ ಸಿ7ಕ್ಕೆ ಬಂದರೆ ಬಿಳಿಯ ರಾಜ ಸಿ5ಕ್ಕೆ ಬರುತ್ತಾನೆ, ಬಿ7ಕ್ಕೆ ಬಂದರೆ ಬಿ5ಕ್ಕೆ. ಎರಡರಲ್ಲೂ ಎದುರುಬದುರು ನಿಂತು ನಡೆಯಬೇಕಾದವನು ಫಿಷರ್. ಡಿ7, ಡಿ8 ಎಂದರೆ ಕಾಲಾಳಿನಿಂದ ದೂರ ಹೋದಂತೆ. ಬಿಳಿಯ ರಾಜ ಬಿ5ಕ್ಕೆ ಬಂದು ಆಚೆ ಬದಿಯಿಂದ ಒಳನುಗ್ಗುತ್ತಾನೆ.

ಫಿಷರ್ ಆಡಿದ್ದು ಬಿ8. ಮುಂದೆ ಹೋಗದೆ ಹಲಗೆಯ ಅಂಚಿನಲ್ಲೇ ಒಂದು ಮನೆ ಪಕ್ಕಕ್ಕೆ. ನೋಡಿದರೆ ಸುಮ್ಮನೆ ಕಾಲಹರಣ ಮಾಡಿದಂತಿದೆ. ಈಗ ಬಿಳಿಯ ರಾಜ ಸಿ5ಕ್ಕೆ ಬಂದರೆ ಇವನು ಸಿ7ಕ್ಕೆ, ಬಿ5ಕ್ಕೆ ಬಂದರೆ ಇವನು ಬಿ7ಕ್ಕೆ. ಎರಡೂ ಕಡೆ ಎದುರುಬದುರು, ಎರಡೂ ಕಡೆ ನಡೆ ಬಿಳಿಯದು.

ಇದರ ಒಳಗೆ ಇನ್ನೂ ಒಂದು ಸೂಕ್ಷ್ಮವಿದೆ. ರಾಜರ ನಡುವೆ ಒಂದು ಮನೆಯ ಬದಲು ಮೂರು ಮನೆ ಇದ್ದರೂ ಅಪೊಸಿಷನ್ ಲೆಕ್ಕ ನಡೆಯುತ್ತದೆ. ಅದನ್ನು ದೂರದ ಅಪೊಸಿಷನ್ ಎನ್ನುತ್ತಾರೆ. ಹತ್ತಿರ ಬರುತ್ತ ಬರುತ್ತ ಅದೇ ಕೊನೆಗೆ ಒಂದು ಮನೆಯ ಅಪೊಸಿಷನ್ ಆಗುತ್ತದೆ. ಫಿಷರ್ ನಡೆಯುವ ಮೊದಲು ರಾಜರು ಸಿ4, ಸಿ8ರಲ್ಲಿದ್ದರು, ನಡುವೆ ಮೂರು ಮನೆ, ನಡೆ ಕರಿಯದು. ಅಂದರೆ ದೂರದ ಅಪೊಸಿಷನ್ ಗ್ಲಿಗೊರಿಚ್ ಕೈಯಲ್ಲಿತ್ತು. ಫಿಷರ್ ಬಿ8ಕ್ಕೆ ಸರಿದ ಮೇಲೆ ಅದನ್ನು ಉಳಿಸಿಕೊಳ್ಳಬೇಕಾದರೆ ಬಿಳಿಯ ರಾಜ ಬಿ4ಕ್ಕೆ ಸರಿಯಬೇಕು. ಬಿ4ರಲ್ಲಿ ನಿಂತಿರುವುದು ಯಾರು? ಅವನದೇ ಕಾಲಾಳು. ಗೆಲ್ಲಿಸಬೇಕಾದ ಕಾಲಾಳೇ ತನ್ನ ರಾಜನಿಗೆ ಬೇಕಾದ ಒಂದೇ ಒಂದು ಮನೆಯನ್ನು ಹಿಡಿದು ಕೂತಿದೆ. ಆಟ ಡ್ರಾ ಆಯಿತು.

ಫಿಷರ್ ಸಿ7ಕ್ಕೆ ಹೋಗಿದ್ದರೆ ಏನಾಗುತ್ತಿತ್ತು ಎಂದು ಕೊನೆಯವರೆಗೆ ಆಡಿ ನೋಡುವುದು ಒಳ್ಳೆಯ ಅಭ್ಯಾಸ, ಯಾಕೆಂದರೆ ಗೆಲ್ಲುವ ದಾರಿಯಲ್ಲೂ ಒಂದು ಹಳ್ಳವಿದೆ. ಬಿಳಿಯ ರಾಜ ಸಿ5ಕ್ಕೆ. ಕರಿಯ ರಾಜ ಬಿ7ಕ್ಕೆ ಹೋದರೆ ಬಿಳಿಯ ರಾಜ ಬಿ5ಕ್ಕೆ ಬಂದು ಮತ್ತೆ ಎದುರು ನಿಲ್ಲುತ್ತಾನೆ. ಕರಿಯ ರಾಜ ಸಿ7ಕ್ಕೆ, ಬಿಳಿಯ ರಾಜ ಎ6ಕ್ಕೆ. ಕೀಲಿಮನೆ ಸಿಕ್ಕಿತು. ಕರಿಯ ರಾಜ ಬಿ8ಕ್ಕೆ, ಬಿಳಿಯ ರಾಜ ಬಿ6ಕ್ಕೆ. ಕರಿಯ ರಾಜ ಮೂಲೆಗೆ, ಎ8ಕ್ಕೆ, ಹೋಗುತ್ತಾನೆ. ಬಿಳಿಯ ರಾಜ ಸಿ7ಕ್ಕೆ, ಕರಿಯ ರಾಜ ಎ7ಕ್ಕೆ. ಕಾಲಾಳು ಬಿ5ಕ್ಕೆ ಬರುತ್ತದೆ, ಕರಿಯ ರಾಜ ಮತ್ತೆ ಎ8ಕ್ಕೆ.

ಇಲ್ಲಿ ನಿಲ್ಲಿ. ದಾರಿ ಖಾಲಿ ಇದೆ, ಕಾಲಾಳನ್ನು ಬಿ6ಕ್ಕೆ ತಳ್ಳಲು ಕೈ ತುರಿಸುತ್ತದೆ. ತಳ್ಳಿದರೆ ಎ7 ಕಾಲಾಳಿನ ಹೊಡೆತಕ್ಕೆ ಸಿಗುತ್ತದೆ, ಬಿ7 ಮತ್ತು ಬಿ8 ಬಿಳಿಯ ರಾಜನ ಹಿಡಿತದಲ್ಲಿವೆ. ಕರಿಯ ರಾಜನಿಗೆ ನಡೆಯಿಲ್ಲ, ಚೆಕ್ಕೂ ಇಲ್ಲ. ಗೆದ್ದ ಆಟ ಸ್ಟೇಲ್‌ಮೇಟ್‌ನಲ್ಲಿ ಮುಗಿಯಿತು. ಸರಿಯಾದ ದಾರಿ, ರಾಜನನ್ನು ಬಿ6ಕ್ಕೆ ವಾಪಸು ತರುವುದು. ಕರಿಯ ರಾಜ ಬಿ8ಕ್ಕೆ ಬಂದರೆ ಬಿಳಿಯ ರಾಜ ಎ6ಕ್ಕೆ. ಕರಿಯ ರಾಜ ಎ8ಕ್ಕೆ ಹೋದರೆ ಈಗ ಕಾಲಾಳು ಬಿ6ಕ್ಕೆ. ಕರಿಯ ರಾಜ ಬಿ8ಕ್ಕೆ, ಕಾಲಾಳು ಸದ್ದಿಲ್ಲದೆ ಬಿ7ಕ್ಕೆ. ಕರಿಯ ರಾಜ ಸಿ7ಕ್ಕೆ ಹೋಗಲೇಬೇಕು, ಬಿಳಿಯ ರಾಜ ಎ7ಕ್ಕೆ ಬಂದು ಬಿ8ನ್ನು ಹಿಡಿಯುತ್ತಾನೆ. ಬಿ ಮತ್ತು ಜಿ ಸಾಲಿನ ಕಾಲಾಳುಗಳಿಗೆ ಮೂಲೆ ಹತ್ತಿರವಿರುವುದರಿಂದ ಇಂಥ ಬಲೆ ಕಾದಿರುತ್ತದೆ. ನಡುವಿನ ಸಾಲುಗಳ ಕಾಲಾಳುಗಳಲ್ಲಿ ಈ ತೊಂದರೆಯಿಲ್ಲ.

ತೀರಾ ಅಂಚಿನ ಎ ಮತ್ತು ಎಚ್ ಸಾಲಿನ ಕಾಲಾಳುಗಳ ಕಥೆಯೇ ಬೇರೆ. ಕರಿಯ ರಾಜ ಮೂಲೆಗೆ ತಲುಪಿಬಿಟ್ಟರೆ ಅಪೊಸಿಷನ್ ಯಾರ ಕೈಯಲ್ಲಿದ್ದರೂ ಡ್ರಾ. ಒಂದು ಕಡೆಯಿಂದ ಅವನನ್ನು ತಳ್ಳಿದರೆ ಇನ್ನೊಂದು ಕಡೆ ಹೋಗಲು ಹಲಗೆಯೇ ಇಲ್ಲ, ಸ್ಟೇಲ್‌ಮೇಟ್ ಆಗುತ್ತದೆ. ತಮಾಷೆಯೆಂದರೆ ಮೂಲೆಗೆ ಬಿಳಿಯ ರಾಜನೇ ಮೊದಲು ಹೋಗಿ ಕೂತರೂ ಗೆಲುವು ಖಾತ್ರಿಯಲ್ಲ. ಬಿಳಿಯ ರಾಜ ಎ8, ಕಾಲಾಳು ಎ7, ಕರಿಯ ರಾಜ ಸಿ8 ಅಥವಾ ಸಿ7. ಬಿಳಿಯ ರಾಜ ತನ್ನದೇ ಕಾಲಾಳಿನ ಮುಂದೆ ಸಿಕ್ಕಿಹಾಕಿಕೊಂಡಿದ್ದಾನೆ. ಬಿ7, ಬಿ8 ಎರಡೂ ಕರಿಯ ರಾಜನ ಹಿಡಿತದಲ್ಲಿವೆ. ನಡೆ ಬಿಳಿಯದಾಗಿದ್ದರೆ ಸ್ಟೇಲ್‌ಮೇಟ್ ಆಗುವುದು ಬಿಳಿಯೇ! ಎ ಸಾಲಿನ ಕಾಲಾಳಿಗೆ ಕೀಲಿಮನೆಗಳು ಎರಡೇ, ಬಿ7 ಮತ್ತು ಬಿ8; ಅವು ಸಿಗದಿದ್ದರೆ ಗೆಲುವಿಲ್ಲ.

ಕ್ಯೂಬಾದ ಕಾಪಾಬ್ಲಾಂಕಾ 1921ರಲ್ಲಿ ವಿಶ್ವ ಚಾಂಪಿಯನ್ ಆದ. ಅದೇ ವರ್ಷ ಪ್ರಕಟವಾದ ಅವನ ‘ಚೆಸ್ ಫಂಡಮೆಂಟಲ್ಸ್’ ಪುಸ್ತಕದಲ್ಲಿ ಒಂದು ಕಾಲಾಳು ರಾಣಿಯಾಗುವ ಪಾಠ ಮೊದಲ ಅಧ್ಯಾಯದಲ್ಲೇ ಬರುತ್ತದೆ. ಓಪನಿಂಗ್‌ಗಳ ಬಾಯಿಪಾಠದಿಂದ ಶುರು ಮಾಡುವವರಿಗೆ ಇದು ತಲೆಕೆಳಗು ಎನಿಸಬಹುದು. ಆದರೆ ಕೊನೆಯ ಜೋಡಿ ಆನೆಗಳನ್ನೋ ಕುದುರೆಗಳನ್ನೋ ಬದಲಾಯಿಸಿಕೊಳ್ಳಬೇಕೇ ಬೇಡವೇ ಎಂದು ತೀರ್ಮಾನಿಸುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆಗೆ ಉತ್ತರ ಸಿಗುವುದು ಈ ಪಾಠದಲ್ಲೇ. ಬದಲಾವಣೆ ಮುಗಿದ ಕ್ಷಣದಲ್ಲಿ ರಾಜರು ಯಾವ ಮನೆಗಳಲ್ಲಿರುತ್ತಾರೆ, ಸರದಿ ಯಾರದಾಗಿರುತ್ತದೆ? ಕೊನೆಯ ಕಾಯಿಯನ್ನು ಹೊಡೆದವನು ಸರದಿಯನ್ನು ಎದುರಾಳಿಗೆ ಬಿಟ್ಟುಕೊಡುತ್ತಾನೆ. ಎಷ್ಟೋ ಸಲ ಅದೇ ಅವನಿಗೆ ಬೇಕಾದದ್ದು. ಒಂದು ಕಾಲಾಳು ಹೆಚ್ಚಿದೆ ಎಂದು ಹಿಗ್ಗಿ ಎಲ್ಲವನ್ನೂ ಬದಲಾಯಿಸಿಕೊಂಡವನು ರಾಜ ಒಂದು ಮನೆ ಹಿಂದಿದ್ದ ಕಾರಣಕ್ಕೆ ಅರ್ಧ ಅಂಕ ತೆಗೆದುಕೊಂಡು ಮನೆಗೆ ಹೋಗುತ್ತಾನೆ.

ಗಡಿಯಾರ ಇಟ್ಟು ಆಡುವವರು ಇನ್ನೊಂದು ನಿಯಮವನ್ನೂ ತಿಳಿದಿರಬೇಕು. ಕಾಲಾಳು ಇರುವವನ ಸಮಯ ಮುಗಿದರೆ ಅವನು ಸೋಲುವುದಿಲ್ಲ, ಆಟ ಡ್ರಾ ಆಗುತ್ತದೆ. ಒಂಟಿ ರಾಜನಿಂದ ಯಾರನ್ನೂ ಚೆಕ್‌ಮೇಟ್ ಮಾಡಲಾಗದು ಎಂಬುದು ಕಾರಣ. ಒಂಟಿ ರಾಜನನ್ನು ಆಡಿಸುವವನ ಸಮಯ ಮುಗಿದರೆ ಮಾತ್ರ ಹಾಗಲ್ಲ. ಅವನು ಅಪೊಸಿಷನ್ ಹಿಡಿದು ಡ್ರಾ ಆಗುವ ಸ್ಥಿತಿಯಲ್ಲೇ ನಿಂತಿದ್ದರೂ, ಎದುರಾಳಿಯ ಕಾಲಾಳು ರಾಣಿಯಾಗಿ ಚೆಕ್‌ಮೇಟ್ ಮಾಡುವ ಸಾಧ್ಯತೆ ನಿಯಮದ ಲೆಕ್ಕದಲ್ಲಿ ಉಳಿದಿರುತ್ತದೆ, ಆದ್ದರಿಂದ ಸೋಲು ಅವನದೇ. ಕಾಲಾಳು ನಡೆಯದೆ, ಯಾವ ಕಾಯಿಯೂ ಹೊಡೆತಕ್ಕೆ ಬೀಳದೆ ಇಬ್ಬರೂ ಐವತ್ತೈವತ್ತು ನಡೆ ಆಡಿದ್ದರೆ, ಇಲ್ಲವೇ ಒಂದೇ ಸ್ಥಿತಿ ಮೂರನೇ ಸಲ ಬಂದರೆ ಡ್ರಾ ಕೇಳಬಹುದು. ಆದರೆ ಅಲ್ಲಿಯವರೆಗೆ ಗಡಿಯಾರದಲ್ಲಿ ಸಮಯ ಉಳಿದಿರಬೇಕು. ಹಾಗಾಗಿ ಬ್ಲಿಟ್ಜ್ ಆಡುವವರು ಈ ಲೇಖನದ ಐದಾರು ಸ್ಥಿತಿಗಳನ್ನು ಹಲಗೆಯ ಮೇಲಿಟ್ಟು, ಒಮ್ಮೆ ಬಿಳಿಯಾಗಿ ಒಮ್ಮೆ ಕರಿಯಾಗಿ, ಯೋಚಿಸದೆ ಕೈ ತಾನಾಗಿ ಸರಿಯಾದ ಮನೆಗೆ ಹೋಗುವವರೆಗೆ ಆಡಿ ರೂಢಿಸಿಕೊಳ್ಳಿ. ಮೊದಲು ಇ7ರಿಂದ ಇ8ಕ್ಕೆ ನೇರ ಹಿಂದೆ ಸರಿಯುವುದನ್ನು, ಆಮೇಲೆ ಗ್ಲಿಗೊರಿಚ್–ಫಿಷರ್ ಸ್ಥಿತಿಯನ್ನು.